ಅಂಟುವಾಳ, ಮನೆಯಲ್ಲಿ ಮಾಡಿದ ಸೋಪಿನ ಪುಡಿ ಮತ್ತು ಡ್ರಮ್ಮಿನ ಹಿಂದಿನ ಜಿಡ್ಡು

ಪ್ರಶ್ನೆ: ನಮಸ್ಕಾರ ಸರ್. ನಾವು ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಟಿಡಿಎಸ್ 780 ತೋರಿಸುತ್ತೆ. ಮಷಿನ್ 7 ಕೆಜಿಯ ಫ್ರಂಟ್ ಲೋಡ್, 4 ವರ್ಷ ಹಳೆಯದು. ಮಗು ಹುಟ್ಟಿದ ಮೇಲೆ ಅಂಗಡಿಯ ಡಿಟರ್ಜೆಂಟ್ ಬಿಟ್ಟೆ. ಅಂಟುವಾಳದ ಸಿಪ್ಪೆಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಡ್ರಮ್ಮಿಗೆ ಹಾಕ್ತೀನಿ. ಕೊಳೆ ಬಟ್ಟೆಗೆ ಮನೆಯಲ್ಲೇ ಮಾಡಿದ ಪುಡಿ: 150 ಗ್ರಾಂ ಬಟ್ಟೆ ಸೋಪು ತುರಿದು, 400 ಗ್ರಾಂ ವಾಷಿಂಗ್ ಸೋಡಾ, 200 ಗ್ರಾಂ ಬಿಳಿಗಾರ. ಒಂದು ಸಲಕ್ಕೆ 2 ದೊಡ್ಡ ಚಮಚ. ಯಾವಾಗಲೂ ತಣ್ಣೀರು, ಕ್ವಿಕ್ ವಾಶ್. ಈಗ ಟವೆಲ್ ಹಪ್ಪಳದ ಹಾಗೆ ಗಟ್ಟಿ, ನೀರೇ ಹೀರುವುದಿಲ್ಲ. ಬಿಳಿ ಬಟ್ಟೆ ಬೂದಿ ಬಣ್ಣ. ಬಾಗಿಲ ರಬ್ಬರಿನಲ್ಲಿ ಜಿಡ್ಡು, ವಾಸನೆ. ಸ್ಪಿನ್ ಮಾಡುವಾಗ ಗಡಗಡ ಶಬ್ದ ಬೇರೆ. ಮೆಕ್ಯಾನಿಕ್ ಬಂದವರು "ಅಂಟುವಾಳ ಹಾಕಿ ಡ್ರಮ್ ಹಾಳು ಮಾಡ್ಕೊಂಡಿದ್ದೀರ, ಟಬ್ ಪೂರ್ತಿ ಬದಲಾಯಿಸಬೇಕು" ಅಂದರು. ನಿಜವಾ? ಅಂಟುವಾಳ ಬಿಡಲೇಬೇಕಾ?

ಉತ್ತರ: ಮೊದಲು ಆ ಗಡಗಡ ಶಬ್ದದ ವಿಷಯ ನೋಡೋಣ. ಮಿಕ್ಕಿದ್ದಕ್ಕೆ ಸಮಯವಿದೆ, ಇದಕ್ಕೆ ಇಲ್ಲ.

ಮಷಿನ್‌ನ ಪ್ಲಗ್ ತೆಗೆಯಿರಿ. ಬಾಗಿಲು ತೆರೆದು ಖಾಲಿ ಡ್ರಮ್ಮನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸದ್ದಿಲ್ಲದೆ ತಿರುಗಬೇಕು. ಆಮೇಲೆ ಡ್ರಮ್ಮಿನ ಮೇಲಂಚನ್ನು ಒಳಗಿನಿಂದ ಹಿಡಿದು ಮೇಲಕ್ಕೆತ್ತಿ ನೋಡಿ. ಹೊರಗಿನ ಟಬ್ಬೂ ಸೇರಿ ಎಲ್ಲ ಒಟ್ಟಿಗೆ ಅಲುಗಿದರೆ ಭಯವಿಲ್ಲ, ಅದು ಸ್ಪ್ರಿಂಗಿನ ಮೇಲೆ ಕೂತಿರುತ್ತೆ. ಟಬ್ ಅಲುಗದೆ ಡ್ರಮ್ ಮಾತ್ರ ಮೇಲೆ ಕೆಳಗೆ ಆಡಿದರೆ ತೊಂದರೆ ಇದೆ. ತಿರುಗಿಸುವಾಗ ಗರಗರ ಅಂತ ಕೇಳಿಸಿ, ಸ್ಪಿನ್‌ನ ವೇಗ ಏರಿದ ಹಾಗೆ ಶಬ್ದವೂ ಏರಿದರೆ ಸಾಮಾನ್ಯವಾಗಿ ಬೇರಿಂಗ್. ಕೈಯಲ್ಲಿ ನಯವಾಗಿ ತಿರುಗಿದರೂ ಡ್ರಮ್ ಓಲಾಡುತ್ತಿದ್ದರೆ, ಒಂದು ಜಾಗದಲ್ಲಿ ಟಕ್ ಅಂತ ಬಡಿದರೆ, ಅಥವಾ ಡ್ರಮ್ಮಿನ ಅಂಚು ಬಾಗಿಲ ರಬ್ಬರಿಗೆ ಉಜ್ಜಿದ ಗುರುತಿದ್ದರೆ ಸ್ಪೈಡರ್ ಮೇಲೆ ಅನುಮಾನ. ಸ್ಪೈಡರ್ ಅಂದರೆ ಡ್ರಮ್ಮಿನ ಬೆನ್ನಿಗೆ ಕೂಡಿಸಿರುವ ಮೂರು ತೋಳಿನ ಲೋಹದ ಭಾಗ. ಡ್ರಮ್ಮಿನ ಪೂರ್ತಿ ಭಾರ ಅದರ ಮೇಲೆಯೇ ಇರುತ್ತೆ.

ಡ್ರಮ್ ಆಡುತ್ತಿದ್ದರೆ ಇವತ್ತಿನಿಂದಲೇ ಮಷಿನ್ ಓಡಿಸಬೇಡಿ. ಬಿರುಕು ಬಿಟ್ಟ ಸ್ಪೈಡರ್ ಸ್ಪಿನ್‌ನಲ್ಲಿ ಮುರಿದರೆ ಡ್ರಮ್ ಹೊರ ಟಬ್ಬನ್ನು ಒಡೆದುಕೊಂಡು ಬರಬಹುದು. ಆಡದಿದ್ದರೆ, ಮೆಕ್ಯಾನಿಕ್ ಹೇಳಿದ ದೊಡ್ಡ ಖರ್ಚಿಗೆ ಈಗಲೇ ಹೂಂ ಅನ್ನಬೇಡಿ. ಪಂಪಿನ ಫಿಲ್ಟರಿನಲ್ಲಿ ಸಿಕ್ಕಿದ ನಾಣ್ಯ, ಡ್ರಮ್ಮಿಗೂ ಟಬ್ಬಿಗೂ ನಡುವೆ ಬಿದ್ದ ಬ್ರಾ ವೈರ್, ನೆಲಕ್ಕೆ ಸಮನಾಗಿ ಕೂರದ ಕಾಲು ಇವೂ ಇದೇ ಶಬ್ದ ಮಾಡುತ್ತವೆ. ನೀವು ಅಂಟುವಾಳವನ್ನು ಚೀಲದಲ್ಲಿ ಕಟ್ಟಿ ಹಾಕುತ್ತಿದ್ದಿರಿ ಅಲ್ವಾ? ಚೀಲದ ಹೊಲಿಗೆ ಒಂದೇ ಒಂದು ಸಲ ಬಿಚ್ಚಿದ್ದರೂ ಸಿಪ್ಪೆಯ ಚೂರು ಫಿಲ್ಟರಿಗೆ ಹೋಗಿರುತ್ತೆ. ಅರಿಯದೆ ಒಂದು ಬೀಜ ಉಳಿದಿದ್ದರಂತೂ ಅದು ಕಲ್ಲಿನಷ್ಟು ಗಟ್ಟಿ. ಕೆಳಗಿನ ಚಿಕ್ಕ ಮುಚ್ಚಳ ತೆಗೆದು ಫಿಲ್ಟರ್ ಬಿಚ್ಚಿ ನೋಡಿ. ಕೆಳಗೆ ಹಳೆ ಟವೆಲ್ ಹಾಸಿಕೊಳ್ಳಿ, ನೀರು ಬರುತ್ತೆ.

ಈಗ ತಪ್ಪು ಯಾರದ್ದು ಅಂತ ನೋಡೋಣ. ಮೆಕ್ಯಾನಿಕ್ ಅಂಟುವಾಳವನ್ನು ದೂರಿದ್ದಾರೆ. ನನ್ನ ಅನುಮಾನ ಪೂರ್ತಿ ನಿಮ್ಮ ಪುಡಿಯ ಮೇಲೆ. ಅದರಲ್ಲೂ ತುರಿದ ಸೋಪಿನ ಮೇಲೆ.

ಸೋಪು ಮತ್ತು ಡಿಟರ್ಜೆಂಟ್ ಎರಡೂ ನೊರೆ ಕೊಡುತ್ತವೆ, ಆದರೆ ಗಡಸು ನೀರಿನಲ್ಲಿ ಎರಡರ ನಡತೆ ಬೇರೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಸೋಪು ಎಣ್ಣೆಯಿಂದ ಮಾಡಿದ್ದು. ಕ್ಯಾಲ್ಸಿಯಂ ಸಿಕ್ಕ ತಕ್ಷಣ ಅದು ನೀರಿನಲ್ಲಿ ಕರಗದ ಜಿಡ್ಡಾಗಿ ಬದಲಾಗುತ್ತೆ. ಬೋರ್ ನೀರಿನಲ್ಲಿ ಸ್ನಾನ ಮಾಡಿದರೆ ಬಕೆಟ್ಟಿನ ಅಂಚಿಗೆ ಬೂದಿ ಬಣ್ಣದ ಗೆರೆ ಕೂರುತ್ತಲ್ಲ, ಅದೇ ಇದು. ಬಕೆಟ್ಟನ್ನು ನೀವು ತಿಕ್ಕುತ್ತೀರಿ. ಡ್ರಮ್ಮಿನ ಹಿಂಭಾಗವನ್ನು ಯಾರೂ ತಿಕ್ಕುವುದಿಲ್ಲ.

ಎಷ್ಟು ಸೋಪು ಹೀಗೆ ಹೋಗುತ್ತೆ ಅಂತ ನಿಮ್ಮದೇ ಅಳತೆಯಲ್ಲಿ ಲೆಕ್ಕ ಹಾಕೋಣ. ಅದಕ್ಕೆ ಮೊದಲು ಒಂದು ಮಾತು: ಟಿಡಿಎಸ್ 780 ಅಂದರೆ ಗಡಸುತನ 780 ಅಂತಲ್ಲ. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವ ಎಲ್ಲ ಲವಣವನ್ನೂ ಒಟ್ಟಿಗೆ ಅಂದಾಜು ಮಾಡುತ್ತೆ, ಅಡುಗೆ ಉಪ್ಪನ್ನೂ ಸೇರಿಸಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದ್ದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ಗಡಸುತನ ಮಾತ್ರ ಇಳಿದಿರುತ್ತೆ. ಸಾಫ್ಟ್‌ನರ್ ಮಾರುವವರ ಬಳಿ, ಅಕ್ವೇರಿಯಂ ಅಂಗಡಿಯಲ್ಲಿ ಗಡಸುತನ ನೋಡುವ ಹನಿಗಳ ಕಿಟ್ ಸಿಗುತ್ತೆ. ನಾನು ಬಳಸುವ ಕಿಟ್‌ನಲ್ಲಿ ನೀರು ಕೆಂಪಿನಿಂದ ನೀಲಿಗೆ ತಿರುಗುವವರೆಗೆ ಹನಿ ಎಣಿಸಬೇಕು, ಅಷ್ಟೇ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪಬಹುದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ ಅನ್ನುತ್ತೆ. ಬೋರ್‌ವೆಲ್ ನೀರು 500 ತೋರಿಸಿದರೆ ನನಗೆ ಆಶ್ಚರ್ಯವಿಲ್ಲ. ಈ ಲೆಕ್ಕಕ್ಕೆ 500 ಅಂತಲೇ ಇಟ್ಟುಕೊಳ್ಳೋಣ.

ನಿಮ್ಮಂಥ ಮಷಿನ್ ಒಗೆಯುವ ಹಂತಕ್ಕೆ ಸುಮಾರು 15 ಲೀಟರ್ ನೀರು ತೆಗೆದುಕೊಳ್ಳುತ್ತೆ. ಅಷ್ಟು ನೀರಿನಲ್ಲಿ ಏಳೂವರೆ ಗ್ರಾಂ ಸುಣ್ಣದ ಪುಡಿಗೆ ಸಮನಾದ ಗಡಸುತನ ಇರುತ್ತೆ. ಅಷ್ಟನ್ನೂ ಸೋಪೇ ಎದುರಿಸಬೇಕಾದರೆ ಸುಮಾರು 45 ಗ್ರಾಂ ಸೋಪು ಬೇಕು. ಅಂದರೆ ನಿಮ್ಮ ಸೋಪಿನ ಬಿಲ್ಲೆಯಲ್ಲಿ ಮೂರನೇ ಒಂದು ಭಾಗ. ಅದೂ ಬಟ್ಟೆ ಒಗೆಯಲಿಕ್ಕಲ್ಲ, ಸುಮ್ನೆ ಜಿಡ್ಡಾಗಲಿಕ್ಕೆ. ಅದಾದ ಮೇಲೆ ಉಳಿದ ಸೋಪು ಮಾತ್ರ ಕೊಳೆ ತೆಗೆಯುತ್ತೆ.

ನೀವು ಹಾಕುತ್ತಿರುವುದು ಎಷ್ಟು? 2 ದೊಡ್ಡ ಚಮಚ ಅಂದರೆ ಸುಮಾರು 30 ಗ್ರಾಂ ಪುಡಿ. ಅದರಲ್ಲಿ ಸೋಪು ಐದರಲ್ಲಿ ಒಂದು ಪಾಲು, 6 ಗ್ರಾಂ. ಬೇಕಾದ 45 ಎಲ್ಲಿ, ಹಾಕಿದ 6 ಎಲ್ಲಿ? ನೊರೆ ಬರುವುದಿಲ್ಲ ಅಂತ ಜಾಸ್ತಿ ಹಾಕಿದರೆ ಜಿಡ್ಡು ಇನ್ನೂ ಜಾಸ್ತಿ.

ಪುಡಿಯಲ್ಲಿ ಸೋಡಾ ಇದೆಯಲ್ಲ, ಅದು ನೀರನ್ನು ಮೆದು ಮಾಡುವುದಿಲ್ಲವಾ ಅಂತ ನೀವು ಕೇಳಬಹುದು. ಮಾಡುತ್ತೆ. ಲೆಕ್ಕದ ಪ್ರಕಾರ ಸುಮಾರು 8 ಗ್ರಾಂ ಸೋಡಾ ಸಾಕು, ನಿಮ್ಮ 2 ಚಮಚದಲ್ಲಿ 16 ಗ್ರಾಂ ಇದೆ. ಆದರೆ ತಣ್ಣೀರಿನಲ್ಲಿ ಸೋಡಾದ ಕೆಲಸ ನಿಧಾನ, ಸೋಪು ಕ್ಯಾಲ್ಸಿಯಂ ಜೊತೆ ಸೇರುವುದು ಬೇಗ. ಕ್ವಿಕ್ ವಾಶ್‌ನಲ್ಲಿ ಸೋಡಾ ತನ್ನ ಕೆಲಸ ಮುಗಿಸುವ ಮುಂಚೆಯೇ ಸೋಪು ಸಿಕ್ಕಿಬಿದ್ದಿರುತ್ತೆ. ಎರಡನೆಯದು, ಸೋಡಾ ಕ್ಯಾಲ್ಸಿಯಂ ಅನ್ನು ಮಾಯ ಮಾಡುವುದಿಲ್ಲ. ಅದನ್ನು ಸುಣ್ಣದ ಪುಡಿಯಾಗಿ ಇಳಿಸುತ್ತೆ. ಒಂದು ಸಲಕ್ಕೆ ಏಳೂವರೆ ಗ್ರಾಂ. ವಾರಕ್ಕೆ ನಾಲ್ಕು ಸಲ ಹಾಕಿದರೂ ವರ್ಷಕ್ಕೆ ಒಂದೂವರೆ ಕಿಲೋ ಹತ್ತಿರ. ಹೆಚ್ಚಿನದು ನೀರಿನ ಜೊತೆ ಹೊರಗೆ ಹೋಗುತ್ತೆ. ಹೋಗದೆ ಉಳಿಯುವ ಸ್ವಲ್ಪವೇ ನಿಮ್ಮ ಟವೆಲ್ಲಿನಲ್ಲಿದೆ, ಟಬ್ಬಿನ ಗೋಡೆಯ ಮೇಲಿದೆ.

ಅಂಗಡಿಯ ಒಳ್ಳೆ ಮಷಿನ್ ಪುಡಿಯಲ್ಲೂ ಸೋಡಾ ಇರುತ್ತೆ. ಅದರ ಜೊತೆಗೆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಜಿಯೋಲೈಟ್‌ನಂಥ ವಸ್ತು, ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಕೂರದಂತೆ ತೇಲಿಸಿಡುವ ಪಾಲಿಮರ್, ಲೋಹ ಸವೆಯದಂತೆ ಕಾಯುವ ಸಿಲಿಕೇಟ್ ಇರುತ್ತವೆ. ಮನೆಯ ಪುಡಿಯಲ್ಲಿ ಈ ಮೂರೂ ಇಲ್ಲ.

ಕೊನೆಯ ಆ ಸಿಲಿಕೇಟ್ ನಿಮ್ಮ ಡ್ರಮ್ಮಿಗೆ ತುಂಬಾ ಮುಖ್ಯ. ಡ್ರಮ್ ಸ್ಟೇನ್‌ಲೆಸ್ ಸ್ಟೀಲ್. ಅದಕ್ಕೆ ಸೋಪಾಗಲಿ, ಸೋಡಾ ಆಗಲಿ, ಅಂಟುವಾಳವಾಗಲಿ ಏನೂ ಮಾಡುವುದಿಲ್ಲ. ಹೊರ ಟಬ್ ಪ್ಲಾಸ್ಟಿಕ್, ಅದಕ್ಕೂ ಚಿಂತೆಯಿಲ್ಲ. ಹಾಳಾಗುವುದು ಹಿಂದಿನ ಸ್ಪೈಡರ್. ಹೆಚ್ಚಿನ ಮಷಿನ್‌ಗಳಲ್ಲಿ ಅದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸಿದರೆ ಕಪ್ಪಾಗುವುದನ್ನು ನೀವು ನೋಡಿರಬಹುದು. ಇಲ್ಲೂ ಅದೇ ಜಾತಿಯ ಕೆಲಸ, ನಿಧಾನವಾಗಿ ನಡೆಯುತ್ತೆ. ಒಗೆದು ನೀರು ಬಿಟ್ಟ ಮೇಲೆ ಸೋಡಾ ಹೋಗಿರುತ್ತೆ ಅಂದುಕೊಳ್ಳುತ್ತೇವೆ. ಆದರೆ ಸ್ಪೈಡರ್ ಮೇಲೆ ಸೋಪಿನ ಜಿಡ್ಡು ಕೂತಿದ್ದರೆ ಅದರೊಳಗೆ ಸೋಡಾ ನೀರು ಸಿಕ್ಕಿಕೊಂಡು, ಒಣಗದೆ, ದಿನಗಟ್ಟಲೆ ಲೋಹಕ್ಕೆ ಅಂಟಿಕೊಂಡಿರುತ್ತೆ. ಪಕ್ಕದಲ್ಲೇ ಸ್ಟೀಲ್ ಇರುವುದರಿಂದ ಸವೆತ ಇನ್ನೂ ಬೇಗ.

ಇಂಥ ಮಷಿನ್ ಬಿಚ್ಚಿದಾಗ ಕಾಣುವುದನ್ನು ಹೇಳುತ್ತೇನೆ. ಮುಂದಿನಿಂದ ಡ್ರಮ್ ಫಳಫಳ ಹೊಳೆಯುತ್ತಿರುತ್ತೆ. ಹೊರಗೆಳೆದು ತಿರುಗಿಸಿದರೆ ಬೆನ್ನಿಗೆ ಬೂದಿ ಬಣ್ಣದ, ಹಳೆ ಬೆಣ್ಣೆಯ ಹಾಗಿನ ಪದರ, ಉಗುರಿನಲ್ಲಿ ಕೆರೆದರೆ ಸುರುಳಿಯಾಗಿ ಬರುತ್ತೆ. ಅದರಲ್ಲಿ ಕೂದಲು, ನೂಲು ಸಿಕ್ಕಿರುತ್ತೆ. ಸ್ಪೈಡರಿನ ತೋಳಿನ ಮೂಲೆಯಲ್ಲಿ ಪದರ ದಪ್ಪ. ಅಲ್ಲಿ ಕೆರೆದಾಗ ಕೆಳಗೆ ಬಿಳಿ ಪುಡಿ ಉದುರಿ, ಲೋಹದಲ್ಲಿ ಸಣ್ಣ ಸಣ್ಣ ಗುಳಿ ಕಂಡರೆ ಸವೆತ ಶುರುವಾಗಿದೆ ಅಂತ ಅರ್ಥ. ನಿಮ್ಮ ಮೆಕ್ಯಾನಿಕ್ ಟಬ್ ಬದಲಾಯಿಸಬೇಕು ಅಂದರೆ ಈ ಗುಳಿಯನ್ನು, ಇಲ್ಲವೇ ಸದ್ದು ಮಾಡುವ ಬೇರಿಂಗನ್ನು ನಿಮಗೆ ತೋರಿಸಲಿ. ಟಬ್ ಪೂರ್ತಿ ಬದಲಾಯಿಸಬೇಕು ಅಂದದ್ದು ಮೋಸವೇ ಇರಬೇಕೆಂದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಹೊರ ಟಬ್ಬನ್ನು ಬೆಸೆದೇ ಕಳಿಸುತ್ತಾರೆ, ಬಿಡಿಬಿಡಿಯಾಗಿ ಬಿಚ್ಚಲು ಬರುವುದಿಲ್ಲ. ಒಂದು ಮಾತು ನೇರವಾಗಿ ಹೇಳಬೇಕು. ಅಂಗಡಿಯ ಡಿಟರ್ಜೆಂಟನ್ನೇ ಬಳಸಿ, ಯಾವಾಗಲೂ ತಣ್ಣೀರಿನಲ್ಲಿ ಒಗೆದು, ಬಾಗಿಲು ಮುಚ್ಚಿಟ್ಟವರ ಮಷಿನ್‌ನಲ್ಲೂ ಸ್ಪೈಡರ್ ಸವೆದದ್ದನ್ನು ನೋಡಿದ್ದೇನೆ. ಹಾಗಾಗಿ ನಿಮ್ಮ ಪುಡಿಯೇ ಮುರಿಯಿತು ಅಂತ ನಾನು ಆಣೆ ಮಾಡಲಾರೆ. ಅದು ಕೆಲಸವನ್ನು ಬೇಗ ಮಾಡುತ್ತೆ ಅಂತ ಮಾತ್ರ ಹೇಳಬಲ್ಲೆ.

ನಿಮ್ಮ ರಬ್ಬರಿನಲ್ಲಿರುವ ಜಿಡ್ಡು ಯಾವುದು ಅಂತ ನೀವೇ ನೋಡಬಹುದು. ಒಂದು ಚಮಚ ಸಿಟ್ರಿಕ್ ಆಸಿಡ್ ಅನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿ ಕರಗಿಸಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಜಿಡ್ಡನ್ನು ಕೆರೆದು ಒಂದು ಚೂರು ಅದರಲ್ಲಿ ಬಿಡಿ. ಗುಳುಗುಳು ಗುಳ್ಳೆ ಬಂದರೆ ಸುಣ್ಣ. ಗುಳ್ಳೆಯಿಲ್ಲದೆ ಮೆತ್ತಗಾಗಿ, ಮೇಲೆ ಎಣ್ಣೆಯಂಥ ಕಣ ತೇಲಿದರೆ ಸೋಪಿನ ಜಿಡ್ಡು. ನಿಮ್ಮದರಲ್ಲಿ ಎರಡೂ ಇರುತ್ತೆ ಅಂತ ನನ್ನ ಅಂದಾಜು. ವಾಸನೆಗೂ ಇದೇ ಕಾರಣ. ಜಿಡ್ಡು, ತೇವ, ಬಿಸಿನೀರು ಕಾಣದ ಡ್ರಮ್, ಇಷ್ಟು ಸಿಕ್ಕರೆ ಬ್ಯಾಕ್ಟೀರಿಯಾ, ಬೂಷ್ಟು ಅಲ್ಲೇ ಮನೆ ಮಾಡುತ್ತವೆ.

ಇನ್ನು ಅಂಟುವಾಳದ ವಿಚಾರ. ಅದರ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ನೊರೆ ಕೊಡುತ್ತೆ. ಅದು ಗಡಸು ನೀರಿನಲ್ಲಿ ಸೋಪಿನ ಹಾಗೆ ಜಿಡ್ಡು ಕಟ್ಟುವುದಿಲ್ಲ. ಅದರ ರಸ ಸೋಡಾದ ಹಾಗೆ ಕ್ಷಾರವೂ ಅಲ್ಲ, ಸ್ವಲ್ಪ ಹುಳಿ ಸ್ವಭಾವದ್ದು. ಆದ್ದರಿಂದ ನಿಮ್ಮ ಸ್ಪೈಡರ್ ತಿಂದದ್ದು ಅಂಟುವಾಳ ಅನ್ನುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಮಷಿನ್ ಮಟ್ಟಿಗೆ ಅದರ ಕಾಟ ಚಿಕ್ಕದು: ಚೂರು ಫಿಲ್ಟರಿಗೆ ಹೋಗುವುದು, ಕುದಿಸಿದ ರಸ ಜಾಸ್ತಿಯಾದರೆ ನೊರೆ ಉಕ್ಕಿ ಮಷಿನ್ ಮಧ್ಯದಲ್ಲೇ ನಿಲ್ಲುವುದು, ಸೋಸದ ರಸದ ಅಂಟು ಸೋಪಿನ ಡಬ್ಬಿಯ ಕೊಳವೆಯಲ್ಲಿ ಕೂತು ಬೂಷ್ಟು ಹಿಡಿಯುವುದು.

ಅದರ ನಿಜವಾದ ಕೊರತೆ ಬೇರೆ. ಅದು ಒಗೆಯುವುದು ಕಡಿಮೆ. ತಣ್ಣೀರಿನಲ್ಲಿ ಅರ್ಧ ಗಂಟೆಯ ಕ್ವಿಕ್ ವಾಶ್‌ನಲ್ಲಿ ಚೀಲದೊಳಗಿನ ಸಿಪ್ಪೆ ನೆನೆಯುವುದರೊಳಗೆ ಒಗೆಯುವ ಹಂತ ಮುಗಿದಿರುತ್ತೆ. ಚೀಲ ಡ್ರಮ್ಮಿನಲ್ಲೇ ಇರುತ್ತಲ್ಲ, ಜಾಲಿಸುವ ನೀರಿಗೆ ರಸ ಬಿಡಲು ಶುರು ಮಾಡುತ್ತೆ. ಮೈಯ ಎಣ್ಣೆ, ಕಾಲರಿನ ಜಿಡ್ಡು, ಮಗುವಿನ ಹಾಲಿನ ಕಲೆ ಇವನ್ನು ಒಡೆಯುವ ಎಂಜೈಮ್ ಅದರಲ್ಲಿಲ್ಲ. ಬಿಟ್ಟ ಕೊಳೆಯನ್ನು ನೀರಿನಲ್ಲೇ ಹಿಡಿದಿಡುವ ಪಾಲಿಮರ್ ಸಹ ಇಲ್ಲ. ಒಂದು ಬಟ್ಟೆ ಬಿಟ್ಟ ಕೊಳೆ ಇನ್ನೊಂದಕ್ಕೆ ತೆಳುವಾಗಿ ಹಂಚಿಹೋಗುತ್ತೆ. ಬಿಳಿ ಬಟ್ಟೆ ಬೂದಿಯಾಗುವುದು ಹೀಗೆ. ರಸದ ಕಂದು ಬಣ್ಣವೂ ಬಿಳಿಗೆ ಸ್ವಲ್ಪ ಹತ್ತುತ್ತೆ.

ನನ್ನ ಮಾತು ನಂಬಬೇಕಿಲ್ಲ, ಮನೆಯಲ್ಲೇ ನೋಡಿ. ಒಂದು ವಾರದ ಬಟ್ಟೆಯನ್ನು ಅಂಟುವಾಳದ ಚೀಲದ ಜೊತೆ ಒಗೆಯಿರಿ. ಮುಂದಿನ ವಾರ ಅಂಥದ್ದೇ ಬಟ್ಟೆಯನ್ನು ಏನೂ ಹಾಕದೆ ಬರೀ ನೀರಿನಲ್ಲಿ ಒಗೆಯಿರಿ. ಎರಡು ವಾರದ ಕಾಲರುಗಳನ್ನು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಗೊತ್ತಾಗದಿದ್ದರೆ ಉತ್ತರ ಸಿಕ್ಕಿತು. ನೀರು ಮತ್ತು ಡ್ರಮ್ಮಿನ ಉರುಳಾಟ ಇವೆರಡೇ ಬೆವರಿನ ಉಪ್ಪು, ಧೂಳು ಎಷ್ಟೋ ತೆಗೆಯುತ್ತವೆ. ಅದರ ಹೆಸರು ಅಂಟುವಾಳಕ್ಕೆ ಹೋಗುತ್ತೆ.

ಹಾಗಾದರೆ ಅಜ್ಜಿಯರ ಕಾಲದಲ್ಲಿ ಹೇಗೆ ನಡೆಯಿತು ಅಂತ ಬಹಳ ಜನ ಕೇಳುತ್ತಾರೆ. ಮಲೆನಾಡಿನ ಹಳ್ಳದ ನೀರು ಮೆದು, ಅಲ್ಲಿ ಸೋಪೂ ಚೆನ್ನಾಗಿ ನೊರೆ ಬರುತ್ತೆ. ಬಟ್ಟೆಯನ್ನು ರಾತ್ರಿಯಿಡೀ ನೆನೆಹಾಕಿ, ಕಲ್ಲಿಗೆ ಬಡಿದು, ಹರಿಯುವ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹಾಕುತ್ತಿದ್ದರು. ಕೆಲಸದಲ್ಲಿ ದೊಡ್ಡ ಪಾಲು ಕೈಯದ್ದು, ಕಲ್ಲಿನದ್ದು. ಬೋರ್ ನೀರು 15 ಲೀಟರ್ ತೆಗೆದುಕೊಂಡು ಮೆಲ್ಲಗೆ ಉರುಳಿಸುವ ಮಷಿನ್‌ನಿಂದ ಅದನ್ನೇ ಕೇಳಿದರೆ ಅದು ಎಲ್ಲಿಂದ ಕೊಡುತ್ತೆ?

ಟವೆಲ್ ನೀರು ಹೀರದಿರುವುದಕ್ಕೆ ಎರಡೂ ಕಾರಣ ಸೇರಿವೆ. ಸೋಪಿನ ಜಿಡ್ಡು ನೂಲಿನ ಮೇಲೆ ಮೇಣದಂತೆ ಕೂರುತ್ತೆ. ಒಂದು ಹನಿ ನೀರು ಟವೆಲ್ ಮೇಲೆ ಬಿಟ್ಟು ನೋಡಿ, ಇಳಿಯದೆ ಮುತ್ತಿನ ಹಾಗೆ ನಿಂತರೆ ಜಿಡ್ಡಿದೆ. ಸುಣ್ಣದ ಕಣ ನೂಲಿನ ನಡುವೆ ಕೂತು ಗಟ್ಟಿ ಮಾಡುತ್ತೆ. ಈ ಕಣಗಳ ಜೊತೆ ಉಜ್ಜಿ ಉಜ್ಜಿ ಹತ್ತಿ ಬಟ್ಟೆ ಮಡಿಕೆ, ಅಂಚುಗಳಲ್ಲಿ ಬೇಗ ಸವೆಯುತ್ತೆ. ಬಣ್ಣದ ಬಟ್ಟೆ ಮಂಕಾಗಿ ಕಂಡರೆ ಬಣ್ಣ ಹೋಗಿಯೇ ಇದೆ ಅಂತಲ್ಲ, ಮೇಲೆ ಬಿಳಿ ಪೊರೆ ಇರಬಹುದು. ಜಾಲಿಸುವಾಗ ಬರುವುದೂ ಗಡಸು ನೀರೇ ಆದ್ದರಿಂದ ಬಟ್ಟೆಯಲ್ಲಿ ಉಳಿದ ಸೋಪು ಅಲ್ಲೇ, ನೂಲಿನೊಳಗೇ, ಜಿಡ್ಡಾಗುತ್ತೆ. ಎಷ್ಟು ಜಾಲಿಸಿದರೂ ಹೋಗುವುದಿಲ್ಲ.

ಡ್ರಮ್ ಆಡುತ್ತಿಲ್ಲ ಅಂತಾದರೆ ಸ್ವಚ್ಛ ಮಾಡುವ ಕ್ರಮ ಹೀಗೆ. ಬಟ್ಟೆಯಿಲ್ಲದೆ 60 ಡಿಗ್ರಿಯ ಉದ್ದದ ಕಾಟನ್ ಪ್ರೋಗ್ರಾಂ ಹಾಕಿ, 100 ಗ್ರಾಂ ಸಿಟ್ರಿಕ್ ಆಸಿಡ್ ಅನ್ನು ನೇರವಾಗಿ ಡ್ರಮ್ಮಿಗೆ ಹಾಕಿ. ಮುಗಿಯುವವರೆಗೆ ಓಡಲಿ. ರಾತ್ರಿಯಿಡೀ ನೆನೆಯಲು ಬಿಡಬೇಡಿ, ಆಸಿಡ್ಡೂ ಅಲ್ಯೂಮಿನಿಯಂಗೆ ಒಳ್ಳೆಯದಲ್ಲ. ಮುಗಿದ ಮೇಲೆ ಫಿಲ್ಟರ್ ತೆಗೆದು ತೊಳೆಯಿರಿ, ಬಿದ್ದ ಜಿಡ್ಡಿನ ಚೂರುಗಳು ಅಲ್ಲಿ ಸೇರಿರುತ್ತವೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆಮೇಲೆ ಬಟ್ಟೆಯ ಮೇಲೆ ಬಿಳಿ ಬಿಳಿ ಅಂಟು ಬಂತು ಅಂತ ಫೋನ್ ಮಾಡುತ್ತಾರೆ. ಆಸಿಡ್ ಸುಣ್ಣವನ್ನು ಪೂರ್ತಿ ಕರಗಿಸುತ್ತೆ, ಆದರೆ ಸೋಪಿನ ಜಿಡ್ಡಿನಿಂದ ಕ್ಯಾಲ್ಸಿಯಂ ಮಾತ್ರ ಕಿತ್ತುಕೊಳ್ಳುತ್ತೆ. ಉಳಿಯುವುದು ಕೊಬ್ಬು. ಕೊಬ್ಬನ್ನು ತೆಗೆಯಲು ಬಿಸಿನೀರು ಮತ್ತು ಡಿಟರ್ಜೆಂಟ್ ಬೇಕು. ಆದ್ದರಿಂದ ಎರಡನೇ ಸುತ್ತು: ಮತ್ತೆ ಖಾಲಿ ಡ್ರಮ್, 60 ಡಿಗ್ರಿ, ಫ್ರಂಟ್ ಲೋಡ್‌ನ ಒಳ್ಳೆ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟು. ಎರಡನ್ನೂ ಒಂದೇ ಸಲ ಹಾಕಿದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಇಷ್ಟು ದಿನ ಕೂತ ಜಿಡ್ಡು ಒಂದು ಸಲಕ್ಕೆ ಹೋಗುವುದಿಲ್ಲ, ಒಂದು ವಾರ ಬಿಟ್ಟು ಮತ್ತೆ ಮಾಡಿ. ರಬ್ಬರಿನ ಮಡಿಕೆಯನ್ನು ಡಿಟರ್ಜೆಂಟ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೈಯಲ್ಲೇ ಒರೆಸಬೇಕು.

ಎರಡು ಕೆಲಸ ಮಾತ್ರ ಮಾಡಬೇಡಿ. ವಿನೆಗರ್ ಮತ್ತು ಅಡುಗೆ ಸೋಡಾ ಒಟ್ಟಿಗೆ ಸುರಿಯುವುದು ವ್ಯರ್ಥ. ಬುಸ್ ಅಂತ ನೊರೆ ಬಂದ ಮೇಲೆ ಅಲ್ಲಿ ಆಸಿಡ್ಡೂ ಇರುವುದಿಲ್ಲ, ಸೋಡಾವೂ ಇರುವುದಿಲ್ಲ. ಬ್ಲೀಚ್ ಜೊತೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಸೇರಿಸುವುದು ಅಪಾಯ. ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಹುಡುಗಾಟವಲ್ಲ.

ಹತ್ತಿಯ ಟವೆಲ್, ಬೆಡ್‌ಶೀಟಿಗೂ ಇದೇ ಕ್ರಮ. ಒಂದು ಬಕೆಟ್ ಬಿಸಿನೀರಿಗೆ 2 ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಹಾಕಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ, ಆಮೇಲೆ ಮಷಿನ್‌ನಲ್ಲಿ 60 ಡಿಗ್ರಿಗೆ ಡಿಟರ್ಜೆಂಟ್ ಜೊತೆ ಒಗೆಯಿರಿ. ಎರಡು ಮೂರು ಸಲ ಆದ ಮೇಲೆ ನೀರಿನ ಹನಿಯ ಪರೀಕ್ಷೆ ಮತ್ತೆ ಮಾಡಿ. ಬಣ್ಣದ ಬಟ್ಟೆಯಾದರೆ ಒಂದು ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ. ಜರಿ ಇರುವ ಯಾವುದನ್ನೂ ಇದರಲ್ಲಿ ಹಾಕಬೇಡಿ. ಸವೆದ ನೂಲು ಮಾತ್ರ ಮತ್ತೆ ಬರುವುದಿಲ್ಲ.

ಮುಂದೇನು ಅನ್ನುವುದಕ್ಕೆ ನಿಮಗೆ ಮೂರು ದಾರಿಯಿದೆ. ನಾನಾದರೆ ಮಗುವಿನ ಬಟ್ಟೆ ಸೇರಿ ದಿನದ ಬಟ್ಟೆಗೆ ಸುವಾಸನೆ ಹಾಕದ ಫ್ರಂಟ್ ಲೋಡ್ ಡಿಟರ್ಜೆಂಟಿಗೆ ಹೋಗುತ್ತೇನೆ, ಜೊತೆಗೆ ಎಕ್ಸ್‌ಟ್ರಾ ರಿನ್ಸ್ ಗುಂಡಿ ಒತ್ತುತ್ತೇನೆ. ಮಗುವಿನ ಚರ್ಮಕ್ಕೆ ತೊಂದರೆ ಕೊಡುವುದು ಹೆಚ್ಚಾಗಿ ಬಟ್ಟೆಯಲ್ಲಿ ಉಳಿದ ಶೇಷ ಮತ್ತು ಸುವಾಸನೆ. ಶೇಷದ ವಿಷಯದಲ್ಲಿ ಈಗಿನ ನಿಮ್ಮ ಪುಡಿಯೇ ಮುಂದಿದೆ. ದದ್ದು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಸೋಪು ಬದಲಾಯಿಸುತ್ತಾ ಕೂರಬೇಡಿ. ಗಡಸು ನೀರಿಗೆ ಪೊಟ್ಟಣದ ಮೇಲೆ ಬೇರೆ ಅಳತೆ ಇರುತ್ತೆ, ಅದನ್ನೇ ಹಾಕಿ. ಕಡಿಮೆ ಹಾಕಿದರೆ ಒಳ್ಳೆಯದು ಅನ್ನುವುದು ಮೆದು ನೀರಿನವರ ಮಾತು. ಇದರಲ್ಲಿರುವ ತೊಂದರೆ ಖರ್ಚು, ಮತ್ತೆ ಎಂಜೈಮ್ ಇರುವ ಪುಡಿಗೆ ರೇಷ್ಮೆ, ಉಣ್ಣೆ ಹಾಕುವ ಹಾಗಿಲ್ಲ.

ಎರಡನೇ ದಾರಿ ನೀರನ್ನೇ ಸರಿ ಮಾಡುವುದು. ನಲ್ಲಿಗೂ ಮಷಿನ್‌ಗೂ ನಡುವೆ ಹಾಕುವ ಚಿಕ್ಕ ಸಾಫ್ಟ್‌ನರ್ ಸಿಗುತ್ತೆ. ಒಳಗೆ ರೆಸಿನ್ ಇರುತ್ತೆ, ಆಗಾಗ ಉಪ್ಪು ನೀರು ಹಾಯಿಸಿ ಅದಕ್ಕೆ ಜೀವ ಕೊಡಬೇಕು. ನಿಮ್ಮಷ್ಟು ಗಡಸು ನೀರಿಗೆ ಉಪ್ಪಿನ ಸರದಿ ಬೇಗ ಬೇಗ ಬರುತ್ತೆ. ಮರೆತರೆ ಅದು ಇದ್ದೂ ಇಲ್ಲದ ಹಾಗೆ. ನೀರಿಗೆ ಫಾಸ್ಫೇಟ್ ಬಿಡುವ ಹರಳು ತುಂಬಿದ ಫಿಲ್ಟರ್ ಬೇರೆ. ಅದು ಹೀಟರ್ ಮೇಲೆ ಸುಣ್ಣ ಕಟ್ಟುವುದನ್ನು ಸ್ವಲ್ಪ ತಡೆಯುತ್ತೆ, ನೀರಿನ ಗಡಸುತನ ತೆಗೆಯುವುದಿಲ್ಲ. ಕೊಳ್ಳುವಾಗ ಉಪ್ಪು ಬೇಕಾ ಅಂತ ಕೇಳಿ. ಬೇಡ ಅಂದರೆ ಅದು ಸಾಫ್ಟ್‌ನರ್ ಅಲ್ಲ.

ಮೂರನೆಯದು ಅಂಟುವಾಳದಲ್ಲೇ ಮುಂದುವರಿಯುವುದು. ಹಾಗಾದರೆ ಚೀಲ ಬಿಡಿ, ರಸ ಮಾಡಿಕೊಳ್ಳಿ. ಬೀಜ ತೆಗೆದ ಸಿಪ್ಪೆ 50 ಗ್ರಾಂ, ನೀರು 1 ಲೀಟರ್, 20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿ ಒಂದು ವಾರದೊಳಗೆ ಮುಗಿಸಿ. ಹೊರಗಿಟ್ಟರೆ ಹುಳಿ ಬಂದು ನಾರುತ್ತೆ. ಒಂದು ಲೋಡಿಗೆ 100 ಮಿಲಿಯಿಂದ ಶುರು ಮಾಡಿ, 40 ಡಿಗ್ರಿ ನೀರಿಗೆ ಹಾಕಿ. ಒಂದು ಸಲ ಹಾಕಿಕೊಂಡ ಕುರ್ತಾ, ಹೊದಿಕೆ ಇಂಥದ್ದಕ್ಕೆ ನಡೆಯುತ್ತೆ. ಟವೆಲ್, ಒಳಉಡುಪು, ಮಗುವಿನ ಲಂಗೋಟಿಗೆ ಬೇಡ. ತಿಂಗಳಿಗೆ ಒಂದು ಸಲವಾದರೂ ಎಲ್ಲ ಹತ್ತಿ ಬಟ್ಟೆಯನ್ನು 60 ಡಿಗ್ರಿಯಲ್ಲಿ ಡಿಟರ್ಜೆಂಟ್ ಹಾಕಿ ಒಗೆಯಬೇಕಾಗುತ್ತೆ, ಇಲ್ಲದಿದ್ದರೆ ಬೂದಿ ಬಣ್ಣ ಮತ್ತೆ ಬರುತ್ತೆ.

ತುರಿದ ಸೋಪಿನ ಪುಡಿಗೆ ಮಾತ್ರ ನಾಲ್ಕನೇ ದಾರಿ ಹುಡುಕಬೇಡಿ. ಸೋಪಿನ ಪಾಲು ಕಡಿಮೆ ಮಾಡಿದರೆ, ವಿನೆಗರ್ ಸೇರಿಸಿದರೆ ಸರಿಯಾಗುತ್ತಾ ಅಂತ ಕೇಳುವವರಿದ್ದಾರೆ. ಬೋರ್ ನೀರಿನ ಫ್ರಂಟ್ ಲೋಡ್‌ಗೆ ಯಾವ ಅಳತೆಯಲ್ಲೂ ಅದು ಬೇಡ. ಬಿಳಿಗಾರವನ್ನು ಯೂರೋಪಿನಲ್ಲಿ ಸಂತಾನಶಕ್ತಿಗೆ ಹಾನಿ ಮಾಡಬಲ್ಲ ವಸ್ತುಗಳ ಸಾಲಿನಲ್ಲಿ ಇಟ್ಟಿದ್ದಾರೆ. ಮಗು ಓಡಾಡುವ ಮನೆಯಲ್ಲಿ ಅದರ ಡಬ್ಬಿ ಕೈಗೆ ಸಿಗುವ ಹಾಗಿರಬಾರದು. ಉಳಿದ ಪುಡಿಯಲ್ಲಿ ಬಾತ್‌ರೂಮಿನ ನೆಲ ತಿಕ್ಕಿ ಖಾಲಿ ಮಾಡಿ, ಕೈಗೆ ಗ್ಲೌಸ್ ಇರಲಿ.

ಮನೆಯಲ್ಲಿರುವ ಅಂಟುವಾಳ ಎಸೆಯಬೇಡಿ. ರೇಷ್ಮೆ ಸೀರೆಗೆ ಅದಕ್ಕಿಂತ ಒಳ್ಳೆಯದು ಸುಲಭಕ್ಕೆ ಸಿಗುವುದಿಲ್ಲ. ರೇಷ್ಮೆ ಕ್ಷಾರವನ್ನು ತಡೆಯುವುದಿಲ್ಲ, ಪ್ರೋಟೀನ್ ಒಡೆಯುವ ಎಂಜೈಮನ್ನೂ ತಡೆಯುವುದಿಲ್ಲ. ಅಂಟುವಾಳದಲ್ಲಿ ಎರಡೂ ಇಲ್ಲ. ಹತ್ತು ಹನ್ನೆರಡು ಸಿಪ್ಪೆ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ. ಸೀರೆಯ ಒಳತುದಿಯನ್ನು ಅದ್ದಿ ಬಣ್ಣ ಬಿಡುತ್ತಾ ನೋಡಿ. ಬಿಡದಿದ್ದರೆ ಐದು ನಿಮಿಷ ಮುಳುಗಿಸಿ ಮೆಲ್ಲಗೆ ಅಲುಗಿಸಿ, ಹಿಂಡದೆ ಎರಡು ಮೂರು ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಹರವಿ. ಮಷಿನ್‌ಗೆ ಬೇಡ, ಕೈಯಲ್ಲೇ. ಆ ನೀರನ್ನು ಕುಂಡದ ಗಿಡಕ್ಕೆ ಹಾಕಬಹುದು. ಅಪಾರ್ಟ್‌ಮೆಂಟಿನಲ್ಲಿ ಮೀನಿನ ಕೊಳ ಇದ್ದರೆ ಅದಕ್ಕೆ ಸೇರದ ಹಾಗೆ ನೋಡಿಕೊಳ್ಳಿ, ಸ್ಯಾಪೊನಿನ್ ಮೀನಿಗೆ ವಿಷ.